ಅಂಗಿಯ ತೋಳು ಮತ್ತು ಅಪ್ಪನ ಗಡಿಯಾರ

ಓಡುತ್ತಿದ್ದ ಗಡಿಯಾರವು ತಪ್ಪು ವೇಳೆ ತೋರಿಸತೊಡಗಿದರೆ ನಾವು ಯಾರನ್ನು ದೂರುತ್ತೇವೆ? ಗಡಿಯಾರವನ್ನು, ಅದು ಬಿಟ್ಟರೆ ರಿಪೇರಿ ಮಾಡಿದವನನ್ನು. ತೊಟ್ಟ ಅಂಗಿಯನ್ನು ದೂರಿದವರನ್ನು ನಾನು ಇದುವರೆಗೆ ಕಂಡಿರಲಿಲ್ಲ. ಆದರೆ ಕಳೆದ ಸಲ ಶಿಗ್ಲಿಯಲ್ಲಿರುವ ನನ್ನ ಅಕ್ಕನ ಮನೆಗೆ ಹೋದಾಗ ಅಂಥದೊಂದು ದೂರು ನ್ಯಾಯವಾದದ್ದೆಂದು ಕಣ್ಣಾರೆ ಕಂಡು ಬಂದೆ. ವಾಚಕರ ಮನೆಗಳಲ್ಲಿಯೂ ಇಂಥ ಗಡಿಯಾರಗಳೂ ಇಂಥ ಅಂಗಿಗಳೂ ಇರುವುದರಿಂದ ಆ ಕಥೆಯನ್ನು ಈ ವಾರ ಹೇಳುತ್ತೇನೆ.

ಅಕ್ಕನ ಮಗ ಲಕ್ಷ್ಮೇಶ್ವರದ ಒಂದು ಶಾಲೆಯಲ್ಲಿ ಮಾಸ್ತರನಾಗಿದ್ದಾನೆ. ದಿನವೂ ಬೆಳಿಗ್ಗೆ ಬಸ್ಸು ಹಿಡಿದು ಹೋಗಿ ಸಂಜೆ ಬರುತ್ತಾನೆ. ನಮ್ಮ ಭಾವನವರು ತೀರಿಕೊಂಡು ಒಂದು ವರ್ಷವಾಯಿತು. ಅವರು ಮೂವತ್ತು ವರ್ಷ ಕಟ್ಟಿದ ಗಡಿಯಾರವನ್ನು ಹುಡುಗನು ತನ್ನ ಕೈಗೆ ಕಟ್ಟಿಕೊಂಡಿದ್ದಾನೆ. ಅದು ಚಾವಿ ಕೊಡುವ ಅಗತ್ಯವಿಲ್ಲದ, ಕೈಯಾಡಿದಂತೆ ತಾನೇ ಸುತ್ತಿಕೊಳ್ಳುವ ಜಾತಿಯದು. ದಪ್ಪ ಒಡಲು, ಉಕ್ಕಿನ ಚೈನು. ತರಗತಿಯೊಳಗೆ ಮೊಬೈಲನ್ನು ತೆಗೆಯಬಾರದೆಂದು ಅವನು ತನಗೆ ತಾನೇ ಕಟ್ಟು ಹಾಕಿಕೊಂಡಿರುವುದರಿಂದ ಈ ಗಡಿಯಾರವೇ ಅವನಿಗೆ ಆಧಾರ.

ನಾನು ಹೋದ ದಿನ ರಾತ್ರಿ ಊಟವಾದ ಮೇಲೆ ಅವನು ಗಡಿಯಾರವನ್ನು ಬಿಚ್ಚಿ ನನ್ನ ಮುಂದಿಟ್ಟು, "ಮಾಮಾ, ಇದನ್ನ ಇನ್ನ ಪೆಟ್ಟಿಗ್ಯಾಗ ಇಟ್ಟುಬಿಡ್ತೀನಿ. ಎರಡು ಸಲ ರಿಪೇರಿ ಮಾಡಿಸಿದೆ. ಒಂದಿನ ಹತ್ತು ನಿಮಿಷ ಹಿಂದ, ಒಂದಿನ ಕಾಲು ತಾಸು ಮುಂದ. ಇದನ್ನ ನಂಬಿ ಪಾಠ ಮುಗಸೂದರಾಗ ಗಂಟಿ ಹೊಡದಿರ್ತೈತಿ" ಎಂದನು. ಅಕ್ಕನು ಏನೂ ಮಾತಾಡಲಿಲ್ಲ. ಸೆರಗಿನಿಂದ ಗಡಿಯಾರದ ಗಾಜನ್ನು ಒರಸಿ ಮತ್ತೆ ಅದೇ ಜಾಗದಲ್ಲಿಟ್ಟಳು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ.

"ರಿಪೇರಿಯವನು ಏನೆಂದ?" ಎಂದು ಕೇಳಿದೆ. ಯಂತ್ರದಲ್ಲಿ ದೋಷವೇ ಇಲ್ಲ, ತನ್ನ ಅಂಗಡಿಯಲ್ಲಿ ನಾಲ್ಕು ದಿನ ಇಟ್ಟಾಗಲೂ ಸರಿಯಾಗಿ ಓಡಿತು ಎಂದಿದ್ದನಂತೆ. ಹುಡುಗ ಅದನ್ನು ನಂಬಿರಲಿಲ್ಲ. ನನಗೆ ಮಾತ್ರ ಆ ಮಾತಿನಲ್ಲಿಯೇ ಒಂದು ಎಳೆ ಸಿಕ್ಕಂತಾಯಿತು. ಯಂತ್ರವೇ ಕೆಟ್ಟ ಗಡಿಯಾರಕ್ಕೆ ಒಂದು ಶಿಸ್ತಿರುತ್ತದೆ. ಹಿಂದೆ ಬೀಳುವುದಾದರೆ ದಿನವೂ ಹಿಂದೆಯೇ ಬೀಳುತ್ತದೆ, ಹೆಚ್ಚು ಕಡಿಮೆ ಅಷ್ಟೇ ನಿಮಿಷ. ಒಂದು ದಿನ ಹಿಂದೆ, ಒಂದು ದಿನ ಮುಂದೆ, ಒಂದು ದಿನ ಸರಿ ಎಂದು ಕುಣಿದಾಡುವ ಗಡಿಯಾರವನ್ನು ಹೊರಗಿನಿಂದ ಯಾವುದೋ ಕೈ ಕುಣಿಸುತ್ತಿದೆ ಎಂದೇ ಮೊದಲು ಸಂಶಯಿಸಬೇಕು.

"ಭಾನುವಾರ ಹೇಗಿರುತ್ತದೆ?" ಎಂದೆ. ಹುಡುಗ ಸ್ವಲ್ಪ ಯೋಚಿಸಿ, "ಭಾನುವಾರ ಬರೋಬ್ಬರಿ ಇರ್ತೈತಿ" ಎಂದನು. ಭಾನುವಾರ ಅವನು ತೊಡುವುದು ಗಿಡ್ಡ ತೋಳಿನ ಅಂಗಿ. ಉಳಿದ ದಿನಗಳಲ್ಲಿ ಮಾಸ್ತರಿಕೆಗೆ ತಕ್ಕ ತುಂಬುತೋಳಿನ, ಗಂಜಿ ಹಾಕಿ ಇಸ್ತ್ರಿ ಮಾಡಿದ ಅಂಗಿ.

ಮರುದಿನ ಬೆಳಿಗ್ಗೆ ಆ ಅಂಗಿಗಳನ್ನೆಲ್ಲ ಹೊರಗೆ ತರಿಸಿದೆ. ಶಿಗ್ಲಿ ನೇಕಾರರ ಊರು. ಪಕ್ಕದ ಮನೆಯ ಅಜ್ಜನು ಕುಣಿಮಗ್ಗದಲ್ಲಿ ಸೀರೆ ನೇಯ್ದು ಮುಪ್ಪಾದವನು. ನಾವು ಜಗಲಿಯ ಮೇಲೆ ಅಂಗಿಗಳನ್ನು ಹರವಿ ಕುಳಿತದ್ದನ್ನು ಕಂಡು ಅವನೂ ಬಂದು ಕುಳಿತನು. ಒಂದು ತೋಳನ್ನು ಎತ್ತಿ ಬೆಳಕಿಗೆ ಹಿಡಿದು, ಕಫ್ಫಿನ ಒಳಮಗ್ಗುಲನ್ನು ಹೆಬ್ಬೆರಳಿನಿಂದ ಸವರಿ ಹೇಳಿದನು: "ತಮ್ಮಾ, ಇದು ಒಗದು ಸವದದ್ದಲ್ಲ. ಒಗದು ಸವದಿದ್ರ ಎರಡೂ ತೋಳು ಒಂದಽ ನಮೂನಿ ಸವೀತಿದ್ದುವು. ಇಲ್ಲಿ ಹಲ್ಲಿನ ಸಾಮಾನು ಯಾವುದೋ ಒಂದಽ ಜಾಗಾ ಹಿಡದು ತಿಕ್ಕೈತಿ."

ನೋಡಿದರೆ ಅಜ್ಜನ ಮಾತು ದಿಟ. ಎಡತೋಳಿನ ಕಫ್ಫು ಹೊಸದರಂತಿತ್ತು. ಬಲತೋಳಿನ ಕಫ್ಫಿನ ಅಂಚಿನಲ್ಲಿ, ಒಳಗಡೆ, ಹೆಸರುಕಾಳಿನಷ್ಟು ಜಾಗದಲ್ಲಿ ಮಾತ್ರ ಎಳೆಗಳು ಕಡಿದು ಬಿಳಿಯ ನಾರೆದ್ದಿದ್ದವು. ನಾಲ್ಕು ಅಂಗಿಗಳಲ್ಲಿಯೂ ಅದೇ ತೋಳು, ಅದೇ ಜಾಗ. ಅಂಗಿಯನ್ನು ಹುಡುಗನಿಗೆ ತೊಡಿಸಿ ಗಡಿಯಾರವನ್ನು ಕಟ್ಟಿಸಿದಾಗ ಆ ಸವೆದ ಜಾಗವು ನೇರವಾಗಿ ಗಡಿಯಾರದ ಚಾವಿಯ ಮೇಲೆ ಬಂದು ಕುಳಿತಿತು. ಚಾವಿ ಎಂದರೆ ಗಡಿಯಾರದ ಮಗ್ಗುಲಲ್ಲಿ, 3ರ ಅಂಕಿಯ ಹೊರಗೆ ಚಾಚಿಕೊಂಡಿರುವ ಹಲ್ಲುಹಲ್ಲಾದ ಪುಟ್ಟ ತಿರುಗಣೆ. ಬೆರಳು ಜಾರದಿರಲೆಂದು ಅದಕ್ಕೆ ಹಲ್ಲು. ಅರಿವೆಗೆ ಆ ಹಲ್ಲೇ ಅರ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳಬೇಕು. ನಮ್ಮ ಹುಡುಗ ಎಡಚ. ಬರೆಯುವುದು, ಉಣ್ಣುವುದನ್ನು ಬಿಟ್ಟು ಉಳಿದದ್ದೆಲ್ಲ ಎಡಗೈಯಿಂದ, ಎಂದು ಅಕ್ಕ ಚಿಕ್ಕಂದಿನಲ್ಲಿ ಹೇಳುತ್ತಿದ್ದಳು. ದೊಡ್ಡವನಾದ ಮೇಲೆ ಬರೆಯುವುದೂ ಎಡಗೈಯಿಂದಲೇ ಆಯಿತು. ಹೀಗಾಗಿ ಅವನು ಗಡಿಯಾರವನ್ನು ಬಲಗೈಗೆ ಕಟ್ಟುತ್ತಾನೆ. ಕೆಲಸ ಕಡಿಮೆ ಮಾಡುವ ಕೈಗೆ ಗಡಿಯಾರ ಕಟ್ಟಬೇಕೆಂಬ ನಿಯಮದ ಪ್ರಕಾರ ಅವನು ಮಾಡಿದ್ದು ಸರಿಯೇ. ಆದರೆ ಗಡಿಯಾರವನ್ನು ಮಾಡಿದವನು ಎಡಗೈಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದಾನೆ.

ವಾಚಕರು ಈಗಲೇ ತಮ್ಮ ಕೈಯನ್ನು ಎದೆಯ ಮುಂದೆ ಅಡ್ಡ ಹಿಡಿದು ನೋಡಬಹುದು. ಎಡಗೈಯಲ್ಲಿ ಗಡಿಯಾರವಿದ್ದರೆ 3ರ ಅಂಕಿಯೂ ಚಾವಿಯೂ ಬೆರಳುಗಳ ಕಡೆಗೆ ಮುಖ ಮಾಡಿರುತ್ತವೆ. ಅದೇ ಗಡಿಯಾರವನ್ನು ಬಲಗೈಗೆ ಕಟ್ಟಿದರೆ ಚಾವಿಯು ಮೊಣಕೈಯ ಕಡೆಗೆ, ಎಂದರೆ ಅಂಗಿಯ ತೋಳು ಇಳಿದು ಬರುವ ದಿಕ್ಕಿಗೆ, ಎದುರಾಗಿ ನಿಲ್ಲುತ್ತದೆ.

ಇಷ್ಟೇ ಆದರೆ ಬಾಧಕವಿಲ್ಲ. ಅಂಗಿಯ ತೋಳಿನ ನಡೆಯನ್ನೂ ನೋಡಬೇಕು. ಕೈಯನ್ನು ಇಳಿಬಿಟ್ಟಾಗ ಕಫ್ಫು ತನ್ನ ಭಾರದಿಂದ ಮೆಲ್ಲಗೆ ಅಂಗೈಯ ಕಡೆಗೆ ಇಳಿಯುತ್ತದೆ. ಆ ಇಳಿತದಲ್ಲಿ ಬಲವೇನೂ ಇಲ್ಲ. ಕೈಯನ್ನು ಮೇಲೆತ್ತಿ ಚಾಚಿದಾಗ ಹಾಗಲ್ಲ. ಭುಜವೂ ಬೆನ್ನೂ ಸೇರಿ ಅರಿವೆಯನ್ನು ಜಗ್ಗುತ್ತವೆ, ಕಫ್ಫು ಮೊಣಕೈಯ ಕಡೆಗೆ ರಭಸದಿಂದ ಸರಿಯುತ್ತದೆ. ತೋಳಿನ ದೊಡ್ಡ ಎಳೆತವೆಲ್ಲ ಯಾವಾಗಲೂ ಮೊಣಕೈಯ ಕಡೆಗೇ. ಎಡಗೈಯ ಗಡಿಯಾರದಲ್ಲಿ ಈ ಎಳೆತವು ಚಾವಿಯನ್ನು ಒಳಕ್ಕೆ ಒತ್ತುತ್ತದೆ, ಅದರಿಂದ ಕೇಡಿಲ್ಲ. ಬಲಗೈಯ ಗಡಿಯಾರದಲ್ಲಿ ಕಫ್ಫಿನ ಅಂಚು ಚಾವಿಗೂ ಒಡಲಿಗೂ ನಡುವಣ ಸಂದಿಯಲ್ಲಿ ಸಿಕ್ಕಿಕೊಂಡಿದ್ದರೆ, ಅದೇ ಎಳೆತವು ಚಾವಿಯನ್ನು ಹೊರಕ್ಕೆ ಕೀಳುತ್ತದೆ.

ಚಾವಿ ಹೊರಕ್ಕೆ ಬಂದಿತೆಂದರೆ ಗಡಿಯಾರವು ಮುಳ್ಳು ತಿರುಗಿಸುವ ಸ್ಥಿತಿಗೆ ಬಂದಿತೆಂದು ಅರ್ಥ. ಕೆಲವು ಗಡಿಯಾರಗಳು ಆಗ ನಿಂತೇ ಬಿಡುತ್ತವೆ. ಕೆಲವು ನಿಲ್ಲುವುದಿಲ್ಲ, ಆದರೆ ಕಫ್ಫು ಚಾವಿಯ ಹಲ್ಲನ್ನು ಸವರಿದಾಗಲೆಲ್ಲ ಮುಳ್ಳುಗಳು ಒಂದಿಷ್ಟು ಹಿಂದಕ್ಕೋ ಮುಂದಕ್ಕೋ ಸರಿಯುತ್ತವೆ. ಮುಂದೆ ಯಾವಾಗಲೋ ಕೈ ಮಡಚಿದಾಗ ಚಾವಿ ಒತ್ತಿ ಮತ್ತೆ ಒಳಗೆ ಹೋಗುತ್ತದೆ. ತಪ್ಪು ಮಾತ್ರ ಉಳಿಯುತ್ತದೆ. ಮಾಡಿದವನ ಗುರುತು ಉಳಿಯುವುದಿಲ್ಲ. ಚಾವಿ ತೆರೆದಿದ್ದಷ್ಟು ಹೊತ್ತು ಬೆವರೂ ಧೂಳೂ ಒಳಗೆ ಹೋಗಲು ದಾರಿಯಾಗುವುದು ಇನ್ನೊಂದು ಕೇಡು.

"ಬಸ್ಸಿನಲ್ಲಿ ಎಲ್ಲಿ ನಿಲ್ಲುತ್ತೀ?" ಎಂದು ಹುಡುಗನನ್ನು ಕೇಳಿದೆ. ಬೆಳಗಿನ ಬಸ್ಸಿನಲ್ಲಿ ಕೂರಲು ಜಾಗ ಸಿಗುವುದು ಅಪರೂಪ. ಎಡಗೈಯಲ್ಲಿ ಚೀಲ, ಬಲಗೈಯಿಂದ ತಲೆಯ ಮೇಲಿನ ಸರಳು. ಇನ್ನು ಹೇಳುವುದೇನು? ಲಕ್ಷ್ಮೇಶ್ವರ ಬರುವವರೆಗೆ ಆ ಕಫ್ಫು ಆ ಚಾವಿಯನ್ನು ಜಗ್ಗುತ್ತಲೇ ಇರುತ್ತದೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಬಲಗೈಗೆ ಗಡಿಯಾರ ಕಟ್ಟುವವರು ಲೋಕದಲ್ಲಿ ಇವನೊಬ್ಬನೇ ಅಲ್ಲ. ಅವರೆಲ್ಲರ ಚಾವಿಗಳು ಹೀಗೆ ಕಿತ್ತು ಬರುವುದಿಲ್ಲವಲ್ಲ? ಇದಕ್ಕೆ ಉತ್ತರವು ಗಡಿಯಾರದ ದಪ್ಪದಲ್ಲಿದೆ. ಅದನ್ನು ತಿಳಿಯಲು ಮಕ್ಕಳ ಹಳೆಯ ನೋಟುಬುಕ್ಕಿನಿಂದ ಒಂದು ಬೆರಳಗಲದ ಕಾಗದದ ಪಟ್ಟಿಯನ್ನು ಕತ್ತರಿಸಿಕೊಂಡೆ.

ಹುಡುಗನ ಬರಿಯ ಮಣಿಕಟ್ಟಿಗೆ ಪಟ್ಟಿಯನ್ನು ಸುತ್ತಿ ಗುರುತು ಮಾಡಿ ಅಳೆದಾಗ 6½ ಅಂಗುಲ ಬಂದಿತು. ಗಡಿಯಾರವನ್ನು ಕಟ್ಟಿಸಿ, ಅದರ ಮೇಲಿನಿಂದಲೇ ಪಟ್ಟಿಯನ್ನು ಸುತ್ತಿದಾಗ 8¼ ಅಂಗುಲ. ಒಂದು ಮುಕ್ಕಾಲು ಅಂಗುಲದ ಹೆಚ್ಚಳ! ಗಡಿಯಾರದ ದಪ್ಪ ಕೇವಲ 12 ಮಿಲಿಮೀಟರ್, ಎಂದರೆ ಅರ್ಧ ಅಂಗುಲಕ್ಕೂ ಕಡಿಮೆ. ಉಳಿದದ್ದು ಎಲ್ಲಿಂದ ಬಂದಿತು? ಕಫ್ಫು ಗಡಿಯಾರವನ್ನು ಒಂದು ಮಗ್ಗುಲಲ್ಲಿ ಹತ್ತಬೇಕು, ಇನ್ನೊಂದು ಮಗ್ಗುಲಲ್ಲಿ ಇಳಿಯಬೇಕು. ಆದುದರಿಂದ ದಪ್ಪವು ಒಂದಕ್ಕೆ ಎರಡಾಗಿ ಲೆಕ್ಕಕ್ಕೆ ಬರುತ್ತದೆ. ಅದರ ಮೇಲೆ ಉಕ್ಕಿನ ಚೈನು ಮಣಿಕಟ್ಟಿನ ಸುತ್ತಲೂ ತನ್ನ ದಪ್ಪವನ್ನು ಸೇರಿಸುತ್ತದೆ.

ಈಗ ಅಂಗಿಯ ಕಡೆಗೆ ಬರೋಣ. ಮಣಿಕಟ್ಟಿನ ಅಳತೆಗೆ ಎರಡು ಅಂಗುಲ ಕೂಡಿಸಿ ಕಫ್ಫು ಇಡುವುದು ದರ್ಜಿಗಳಲ್ಲಿ ರೂಢಿ. ಹುಡುಗನ ಕಫ್ಫೂ ಗುಂಡಿ ಹಾಕಿದಾಗ ಸರಿಯಾಗಿ 8½ ಅಂಗುಲವಿತ್ತು. ಅದರಲ್ಲಿ 8¼ನ್ನು ಗಡಿಯಾರವೇ ನುಂಗಿತು. ಉಳಿದ ಸಡಿಲು ಕಾಲು ಅಂಗುಲ. ಇಷ್ಟರಲ್ಲಿ ಕಫ್ಫು ಗಡಿಯಾರದ ಮೇಲೆ ಸರಾಗವಾಗಿ ಜಾರಲಾರದು, ಗಡಿಯಾರಕ್ಕೆ ಮುಂಚೆಯೇ ನಿಲ್ಲಲೂ ಆರದು. ಅರ್ಧ ಹತ್ತಿ, ಚಾವಿಯ ಹಿಂದಿನ ಸಂದಿಯಲ್ಲಿ ಬಿಗಿಯಾಗಿ ಕೂರುತ್ತದೆ. ಗಂಜಿಯಿಂದ ಅಂಚು ಹಲಗೆಯಂತೆ ಸೆಟೆದಿದ್ದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಕಫ್ಫು ಗಡಿಯಾರವನ್ನು ಪೂರ್ತಿ ದಾಟಿ ಹೋದರೆ ತೊಂದರೆಯಿಲ್ಲ. ಪೂರ್ತಿ ಹಿಂದೆಯೇ ನಿಂತರೂ ತೊಂದರೆಯಿಲ್ಲ. ನಡುವೆ ಸಿಕ್ಕಿದ ಕಫ್ಫೇ ಅರಿವೆಯನ್ನೂ ಹರಿಯುತ್ತದೆ, ಗಡಿಯಾರವನ್ನೂ ಕೆಡಿಸುತ್ತದೆ.

ಹೋಲಿಕೆಗಾಗಿ ನನ್ನ ಗಡಿಯಾರವನ್ನು ಅವನಿಗೆ ಕಟ್ಟಿ ಅಳೆದೆವು. ಅದು 7 ಮಿಲಿಮೀಟರ್ ದಪ್ಪದ್ದು, ತೆಳುವಾದ ಚರ್ಮದ ಪಟ್ಟಿಯದು. 7½ ಅಂಗುಲ ಬಂದಿತು. ಅದೇ ಕಫ್ಫಿನೊಳಗೆ ಒಂದು ಅಂಗುಲದ ಸಡಿಲು ಉಳಿದು, ತೋಳು ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು.

ಗಡಿಯಾರಗಳಲ್ಲಿ ಈ ದಪ್ಪ ತೆಳುವಿನ ಭೇದ ಏಕೆಂದು ಕೆಲವರು ಕೇಳಬಹುದು. ನಮ್ಮ ನಾಡಿನ ಗಡಿಯಾರಗಳ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರಗಳ ಕಾರ್ಖಾನೆ ಆರಂಭವಾಯಿತು. ಅಲ್ಲಿಂದ ಬಂದ 'ಜನತಾ' ದಿನವೂ ಕೈಯಿಂದ ಚಾವಿ ಕೊಡಬೇಕಾದ ಗಡಿಯಾರ. ಕೆಲವು ಕಾಲದ ಮೇಲೆ ಬಂದ 'ಕಾಂಚನ' ತಾನೇ ಸುತ್ತಿಕೊಳ್ಳುವಂಥದು. ಇಂಥ ಗಡಿಯಾರದಲ್ಲಿ ಯಂತ್ರದ ಬೆನ್ನ ಮೇಲೆ ಅರ್ಧಚಂದ್ರಾಕಾರದ ಒಂದು ತೂಕ ತಿರುಗುತ್ತಿರಬೇಕು. ವಾರ ತಾರೀಖು ತೋರಿಸಬೇಕಾದರೆ ಮುಖದ ಕೆಳಗೆ ಇನ್ನೆರಡು ಬಿಲ್ಲೆಗಳು ಬೇಕು. ಒಂದೊಂದು ಸೌಕರ್ಯಕ್ಕೂ ಒಂದೊಂದು ಪದರ, ಪದರಕ್ಕೊಂದಿಷ್ಟು ದಪ್ಪ. ಇದಕ್ಕೆ ತದ್ವಿರುದ್ಧವಾದ ಸಾಹಸವನ್ನು ಟೈಟನ್ ಸಂಸ್ಥೆ 2002ರಲ್ಲಿ ಮಾಡಿತು. ಅದರ 'ಎಡ್ಜ್' ಎಂಬ ಗಡಿಯಾರದ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು 1.15 ಮಿಲಿಮೀಟರ್. ಸುತ್ತಬೇಕಾದ ಸ್ಪ್ರಿಂಗೂ ತಿರುಗಬೇಕಾದ ತೂಕವೂ ಇಲ್ಲದೆ ಬ್ಯಾಟರಿಯಿಂದ ನಡೆಯುವ ಗಡಿಯಾರವಾದುದರಿಂದ ಅದು ಸಾಧ್ಯವಾಯಿತು. ಎಚ್.ಎಂ.ಟಿ. ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ಆದರೆ ಅಪ್ಪಂದಿರ ಕಾಲದ ದಪ್ಪ ಗಡಿಯಾರಗಳು ಇಂದಿಗೂ ಎಷ್ಟೋ ಮನೆಗಳಲ್ಲಿ ಟಿಕ್ ಟಿಕ್ ಎನ್ನುತ್ತಿವೆ. ಅಂಗಿಯು ಅವಕ್ಕೆ ಹೊಂದಿಕೊಳ್ಳಬೇಕೇ ಹೊರತು ಅವು ಅಂಗಿಗೆ ಹೊಂದಿಕೊಳ್ಳಲಾರವು.

ದಪ್ಪ ಒಂದೇ ಆಗಿದ್ದರೂ ಅಂಚಿನ ಆಕಾರ ಬೇರೆಯಾದರೆ ಉಜ್ಜಾಟವೂ ಬೇರೆ. ಇದನ್ನು ಅಜ್ಜನೇ ಚೆನ್ನಾಗಿ ವಿವರಿಸಿದನು. ಮಗ್ಗದಲ್ಲಿ ಹಾಸಿನ ಎಳೆಗಳು ಬಾಗಿ ಹೋಗುವ ಕಡೆಯಲ್ಲೆಲ್ಲ ಮರವನ್ನು ಉರುಟಾಗಿ ನಯ ಮಾಡಿರುತ್ತಾರೆ. ಅಲ್ಲಿ ಒಂದು ಚೂಪು ಮೂಲೆ ಉಳಿದಿದ್ದರೆ ಎಳೆಗಳು ಅಲ್ಲಿಯೇ ಕಡಿಯುತ್ತವೆ. "ಎಳಿ ನೆಟ್ಟಗ ಹೋಗೂ ಕಡೆ ಹರಿಯೂದಿಲ್ಲ, ತಿರುವಿನ್ಯಾಗ ಹರೀತೈತಿ" ಎಂದನು. ಗಡಿಯಾರಕ್ಕೂ ಇದೇ ನ್ಯಾಯ. ಗಾಜಿನಿಂದ ಮಣಿಕಟ್ಟಿನವರೆಗೆ ಇಳಿಜಾರಾಗಿ ಇಳಿಯುವ ಒಡಲು 10 ಮಿಲಿಮೀಟರ್ ದಪ್ಪವಿದ್ದರೂ ಕಫ್ಫಿಗೆ ದಾರಿ ಕೊಡುತ್ತದೆ. ಗೋಡೆಯಂತೆ ನೆಟ್ಟಗೆ ನಿಂತ ಒಡಲು 8 ಮಿಲಿಮೀಟರ್ ಇದ್ದರೂ ತಡೆಯುತ್ತದೆ. ಕೊಳ್ಳುವಾಗ ದಪ್ಪದ ಅಂಕಿಯನ್ನು ಕೇಳುವುದಷ್ಟೇ ಸಾಲದು. ತೊಟ್ಟ ಅಂಗಿಯ ಗುಂಡಿ ಹಾಕಿಕೊಂಡು, ಗಡಿಯಾರ ಕಟ್ಟಿ, ಕೈಯನ್ನು ಒಮ್ಮೆ ತಲೆಯ ಮೇಲಕ್ಕೆತ್ತಿ ಇಳಿಸಬೇಕು. ಕಫ್ಫು ತಾನಾಗಿಯೇ ಹಿಂದಿರುಗಿ ಗಡಿಯಾರವನ್ನು ಮುಚ್ಚಿದರೆ ಒಳ್ಳೆಯದು. ಬೆರಳಿನಿಂದ ಎಳೆದುಕೊಳ್ಳಬೇಕಾದರೆ ಆ ಜೋಡಿ ಕೂಡಿಬರಲಿಲ್ಲವೆಂದು ತಿಳಿಯಬೇಕು.

ನಷ್ಟವು ಅಂಗಿಗೆ ಮಾತ್ರ ಎಂದು ತಿಳಿಯಬಾರದು. ಅರಿವೆ ಮೆದುವಾದರೂ ಅದರಲ್ಲಿ ಕುಳಿತ ಧೂಳು ಮೆದುವಲ್ಲ. ಭಾವನವರ ಗಡಿಯಾರದ ಗಾಜು ಹಳೆಯ ಕಾಲದ ಪ್ಲಾಸ್ಟಿಕ್ಕಿನದು. ಅದರ ಮೇಲೆ ಕೈಯುದ್ದದ ದಿಕ್ಕಿನಲ್ಲಿ ಕೂದಲೆಳೆಯಂಥ ಗೀರುಗಳು ತುಂಬಿದ್ದವು. ಚಿನ್ನದ ನೀರು ಕುಡಿಸಿದ ಗಡಿಯಾರವಾದರೆ ಮೂಲೆಗಳಲ್ಲಿ ಬಣ್ಣ ಹೋಗಿ ಒಳಗಿನ ಲೋಹ ಇಣುಕುವುದೂ ಹೀಗೆಯೇ. ಉಕ್ಕಿನ ಚೈನಿನ ಸಂದುಗಳಲ್ಲಿ ಕುಳಿತ ಮೈಯ ಕೊಳೆಯೇ ಬಿಳಿಯ ಕಫ್ಫಿನ ಮೇಲೆ ಬೂದುಬಣ್ಣದ ಗೆರೆಯಾಗಿ ಮೂಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ, ಚೈನನ್ನು ಗಡಿಯಾರದಿಂದ ಬಿಡಿಸಿ, ಸಾಬೂನಿನ ನೀರಿನಲ್ಲಿ ತಿಂಗಳಿಗೊಮ್ಮೆ ಉಜ್ಜಿದರೆ ಆ ಗೆರೆ ನಿಲ್ಲುತ್ತದೆ.

ಇನ್ನು ಪರಿಹಾರ. ಗಡಿಯಾರವನ್ನು ಎಡಗೈಗೆ ಕಟ್ಟು ಎನ್ನುವುದು ಎಲ್ಲಕ್ಕಿಂತ ಸುಲಭದ ಸಲಹೆ. ಹುಡುಗನು ಒಂದು ದಿನ ಹಾಗೆ ಮಾಡಿಯೂ ನೋಡಿದನು. ಚಾವಿ ಹೊರಬರಲಿಲ್ಲ, ವೇಳೆ ತಪ್ಪಲಿಲ್ಲ. ಆದರೆ ಅವನು ಸೀಮೆಸುಣ್ಣ ಹಿಡಿಯುವುದು ಆ ಕೈಯಲ್ಲಿ. ಸಂಜೆಗೆ ಚಾವಿಯ ಹಲ್ಲುಗಳಲ್ಲೆಲ್ಲ ಸುಣ್ಣದ ಪುಡಿ ಕುಳಿತಿತ್ತು, ಬರೆಯುವಾಗ ಚೈನಿನ ಕೊಂಡಿ ಮೇಜಿಗೆ ತಿಕ್ಕಿತ್ತು, ಮಣಿಕಟ್ಟು ಹಿಂದಕ್ಕೆ ಬಾಗಿದಾಗಲೆಲ್ಲ ಚಾವಿ ಮುಂಗೈಯನ್ನು ಚುಚ್ಚಿತ್ತು. ಎಡಚರಿಗಾಗಿಯೇ ಚಾವಿಯನ್ನು 9ರ ಕಡೆಗೆ ಇಟ್ಟ ಗಡಿಯಾರಗಳೂ ದೊರೆಯುತ್ತವೆ. ಆದರೆ ನಮ್ಮ ಪ್ರಶ್ನೆ ಹೊಸ ಗಡಿಯಾರದ್ದಲ್ಲ.

ಆದುದರಿಂದ ಬಲಗೈಯನ್ನೇ ಉಳಿಸಿಕೊಂಡು ಮೂರು ಕೆಲಸ ಮಾಡಿದೆವು. ಮೊದಲನೆಯದಾಗಿ ಚೈನನ್ನು ತೆಗೆದು ತೆಳುವಾದ ಚರ್ಮದ ಪಟ್ಟಿ ಹಾಕಿಸಿದೆವು. ಕಾಗದದ ಪಟ್ಟಿಯ ಅಳತೆ 8¼ರಿಂದ 8ಕ್ಕೆ ಇಳಿಯಿತು. ಎರಡನೆಯದಾಗಿ ಊರಿನ ದರ್ಜಿಯಲ್ಲಿಗೆ ಹೋಗಿ ಬಲ ಕಫ್ಫಿನ ಗುಂಡಿಯನ್ನು ಬಿಚ್ಚಿಸಿ, ಅಂಚಿನ ಕಡೆಗೆ ಅರ್ಧ ಅಂಗುಲ ಸರಿಸಿ ಹಚ್ಚಿಸಿದೆವು. ಕಫ್ಫು 9 ಅಂಗುಲವಾಯಿತು, ಸಡಿಲು ಕಾಲು ಅಂಗುಲದಿಂದ ಒಂದು ಅಂಗುಲಕ್ಕೆ ಏರಿತು. ಅರ್ಧ ಅಂಗುಲಕ್ಕಿಂತ ಹೆಚ್ಚು ಸರಿಸಲು ದರ್ಜಿ ಒಪ್ಪಲಿಲ್ಲ. ಗುಂಡಿಯು ಅಂಚಿಗೆ ಬಂದರೆ ಕಫ್ಫಿನ ಎರಡು ತುದಿಗಳು ಒಂದರ ಮೇಲೊಂದು ಕೂರುವುದಿಲ್ಲ. ಸಡಿಲು ಅತಿಯಾದರೆ ಕಫ್ಫು ಹೆಬ್ಬೆರಳಿನ ಬುಡವನ್ನು ದಾಟಿ ಅಂಗೈಗೆ ಇಳಿಯುತ್ತದೆ. ಅವನ ಮಾತು ಯುಕ್ತವಾದದ್ದು. ಇನ್ನು ಹೊಲಿಸುವ ಅಂಗಿಗಳಿಗೆ ಬಲ ಕಫ್ಫನ್ನೇ ಮುಕ್ಕಾಲು ಅಂಗುಲ ಅಗಲವಾಗಿ ಕತ್ತರಿಸುವುದೆಂದು ಬರೆದಿಟ್ಟುಕೊಂಡನು. ಗಡಿಯಾರಕ್ಕೆಂದು ಎಡ ಕಫ್ಫಿಗೆ ಸಡಿಲು ಬಿಡುವುದು ಅವನಿಗೆ ತಿಳಿದಿತ್ತು. "ಯಾವ ಕೈಗೆ ಕಟ್ಟತೀರಿ ಅಂತ ಕೇಳಬೇಕಿತ್ತರಿ, ಕೇಳಲಿಲ್ಲ" ಎಂದು ತಾನೇ ನಕ್ಕನು.

ಮೂರನೆಯದು ಗಡಿಯಾರವನ್ನು ಕಟ್ಟುವ ಜಾಗ. ಹುಡುಗನು ಅದನ್ನು ಬಳೆಯಂತೆ ಜೋಲುಬಿಟ್ಟು ಕಟ್ಟುತ್ತಿದ್ದ. ಜೋಲುವ ಗಡಿಯಾರವು ಮಗ್ಗುಲಾಗಿ ತಿರುಗಿ ಚಾವಿಯನ್ನು ಕಫ್ಫಿನ ಬಾಯಿಗೆ ತಾನೇ ಒಡ್ಡುತ್ತದೆ. ಮಣಿಕಟ್ಟಿನ ಎಲುಬಿನಿಂದ ತುಸು ಮೇಲೆ, ಪಟ್ಟಿಯ ಕೆಳಗೆ ಕಿರುಬೆರಳು ತೂರುವಷ್ಟೇ ಸಡಿಲು ಬಿಟ್ಟು ಕಟ್ಟಿಸಿದೆ. ಗಂಜಿಯನ್ನು ಕಫ್ಫಿಗೆ ಹಾಕದೆ ಕಾಲರಿಗೆ ಮಾತ್ರ ಹಾಕುವುದಾಗಿ ಅಕ್ಕ ಒಪ್ಪಿದಳು.

ಒಂದು ಪರೀಕ್ಷೆ ಉಳಿದಿತ್ತು. ಇಷ್ಟು ದಿನ ಜಗ್ಗಿಸಿಕೊಂಡ ಚಾವಿಯ ಒಳಹಿಡಿತ ಸಡಿಲವಾಗಿದ್ದರೆ ಯಾವ ಕಫ್ಫೂ ಅದನ್ನು ಕಾಪಾಡಲಾರದು. ಉಗುರಿನ ತುದಿಯಿಂದ ಚಾವಿಯನ್ನು ಮೆಲ್ಲಗೆ ಮೀಟಿ ನೋಡಬೇಕು. ಸ್ವಲ್ಪ ಮೊಂಡು ಹಿಡಿದು 'ಟಕ್' ಎಂದು ಬಂದರೆ ಹಿಡಿತ ಸರಿಯಾಗಿದೆ. ಉಗುರು ತಾಗಿದ ಕೂಡಲೇ ಸುಮ್ಮನೆ ಹೊರಬಂದರೆ ರಿಪೇರಿಯವನೇ ಗತಿ. ಅದೃಷ್ಟವಶಾತ್ ನಮ್ಮದು ಟಕ್ ಎಂದಿತು.

ನಾನು ಊರಿಗೆ ಮರಳಿ ಹದಿನೈದು ದಿನಗಳಾದ ಮೇಲೆ ಅಕ್ಕ ಫೋನು ಮಾಡಿದಳು. ಗಡಿಯಾರವು ದಿನಕ್ಕೆ ಅರ್ಧ ನಿಮಿಷ ಮುಂದೆ ಹೋಗುತ್ತದೆಯಂತೆ, ದಿನವೂ ಅಷ್ಟೇ. ಅದು ಯಂತ್ರದ ಸ್ವಂತ ನಡೆ. ಆ ವಯಸ್ಸಿಗೆ ಅಷ್ಟು ಸಹಜ. ಭಾನುವಾರ ಬೆಳಿಗ್ಗೆ ಹುಡುಗನು ಅದನ್ನು ಸರಿಪಡಿಸಿಕೊಳ್ಳುತ್ತಾನಂತೆ. "ಇವರೂ ಭಾನುವಾರನಽ ಹೊತ್ತು ಕೂಡಸತಿದ್ರು" ಎಂದು ಹೇಳಿ ಅಕ್ಕ ಸ್ವಲ್ಪ ಹೊತ್ತು ಸುಮ್ಮನಾದಳು. ಆಮೇಲೆ, ನನ್ನ ಅಂಗಿಗಳ ಕಫ್ಫು ಹೇಗಿದೆ ಎಂದು ಕೇಳಿದಳು. ಫೋನು ಇಟ್ಟು ಹೋಗಿ ನೋಡಿದೆ.